ವಿಯೆಟ್ನಾಮಿಗೆ ಫಾರೆಕ್ಸ್ ಕಾರ್ಡೋ ಡೆಬಿಟ್ ಕಾರ್ಡೋ? ಒಂದೇ ಊಟದ ಎರಡು ಸ್ಲಿಪ್ ಇಟ್ಟುಕೊಂಡು ಲೆಕ್ಕ

ಪ್ರಶ್ನೆ: "ಮುಂದಿನ ತಿಂಗಳು ಮನೆಯವರೆಲ್ಲ ವಿಯೆಟ್ನಾಮಿಗೆ ಹೋಗ್ತಿದ್ದೀವಿ. ಡೆಬಿಟ್ ಕಾರ್ಡಲ್ಲಿ ಚಾರ್ಜ್ ಜಾಸ್ತಿ, ಫಾರೆಕ್ಸ್ ಕಾರ್ಡೇ ಅಗ್ಗ ಅಂತ ಬ್ಯಾಂಕಿನವರು ಹೇಳ್ತಾರೆ. ಬೆಂಗಳೂರಲ್ಲಿ ಡಾಲರ್ ರೇಟ್ ಎಲ್ಲಿ ಕಡಿಮೆ ಸಿಗುತ್ತೆ, ಯಾವ ಫಾರೆಕ್ಸ್ ಕಾರ್ಡ್ ತಗೊಳ್ಳಲಿ?"

ಡಾಲರ್ ರೇಟ್ ಎಲ್ಲಿ ಕಡಿಮೆ ಅಂತ ನಾನೂ ಹೀಗೇ ಹುಡುಕಿದ್ದೆ. ಒಂದು ಶನಿವಾರ ಪೂರ್ತಿ ಅದಕ್ಕೇ ಹೋಯಿತು. ಜಯನಗರ ಫೋರ್ತ್ ಬ್ಲಾಕಿನಲ್ಲಿ ವಿಚಾರಿಸಿದೆ, ಎಂ.ಜಿ. ರೋಡಿಗೆ ಹೋದೆ, ಕೊನೆಗೆ ನಮ್ಮ ಬ್ಯಾಂಕಿಗೇ ವಾಪಸ್ ಬಂದೆ. ಹೊರಗೆ 88 ರೂಪಾಯಿ ಹೇಳಿದ ಡಾಲರ್ ಬ್ಯಾಂಕಿನಲ್ಲಿ 87.70ಕ್ಕೆ ಸಿಕ್ಕಿತು. ಹೊರದೇಶದ ದುಡ್ಡನ್ನು ಮೊದಲೇ ತುಂಬಿಸಿಡುವ ಫಾರೆಕ್ಸ್ ಕಾರ್ಡಿಗೆ 600 ಡಾಲರ್ ಲೋಡ್ ಮಾಡಿಸಿದೆ. 30 ಪೈಸೆಯ ಲೆಕ್ಕದಲ್ಲಿ 180 ರೂಪಾಯಿ ಉಳಿಯಿತು.

ನಮ್ಮ ಜೊತೆ ಬಂದಿದ್ದ ಭಾವಮೈದುನ ಇದ್ಯಾವುದೂ ಮಾಡಲಿಲ್ಲ. "ಭಾವ, ನನ್ನ ಡೆಬಿಟ್ ಕಾರ್ಡೇ ಸಾಕು, ಇಂಟರ್‌ನ್ಯಾಷನಲ್ ಆನ್ ಮಾಡಿದ್ದೀನಿ" ಅಂದ. ನಾನು ಅವನಿಗೆ ಬುದ್ಧಿ ಹೇಳಿದ್ದೆ. ಊರಿಗೆ ಬಂದ ಮೇಲೆ ಇಬ್ಬರ ಸ್ಲಿಪ್ಪು, ಸ್ಟೇಟ್‌ಮೆಂಟು ಪಕ್ಕಪಕ್ಕ ಇಟ್ಟು ನೋಡಿದರೆ ಅವನಿಗೇ ಕಡಿಮೆ ಖರ್ಚಾಗಿತ್ತು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಹೋಯ್ ಆನ್‌ನಲ್ಲಿ ಒಂದು ರಾತ್ರಿ ಎರಡೂ ಮನೆಯವರು ಒಟ್ಟಿಗೆ ಊಟ ಮಾಡಿದೆವು. ಬಿಲ್ ಅಲ್ಲಿಯ ಕರೆನ್ಸಿಯಲ್ಲಿ 26 ಲಕ್ಷ ಡಾಂಗ್ ಆಯಿತು. ಅಲ್ಲಿ ಊಟಕ್ಕೂ ಲಕ್ಷದಲ್ಲೇ ಲೆಕ್ಕ, ಸೊನ್ನೆ ನೋಡಿ ಹೆದರಬೇಡಿ. ಸರಿಯಾಗಿ ಅರ್ಧರ್ಧ ಮಾಡಿ ಅದೇ ಮಷೀನಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಕಾರ್ಡ್ ಕೊಟ್ಟೆವು. ಇಬ್ಬರ ಸ್ಲಿಪ್ಪಿನಲ್ಲೂ 13 ಲಕ್ಷ ಡಾಂಗ್. ಒಂದೇ ದಿನ, ಒಂದೇ ಮಷೀನ್, ಒಂದೇ ಮೊತ್ತ. ಎರಡು ಕಾರ್ಡ್ ಹೋಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಅಂದಿನ ಪೇಟೆ ದರದಲ್ಲಿ ಒಂದು ಡಾಲರಿಗೆ 26,000 ಡಾಂಗ್, ಒಂದು ಡಾಲರಿಗೆ 86 ರೂಪಾಯಿ. ಅಂದರೆ ನಮ್ಮ ಒಂದೊಂದು ಪಾಲು ಸರಿಯಾಗಿ 50 ಡಾಲರ್, ರೂಪಾಯಿಯಲ್ಲಿ 4,300. ಯಾವ ಬ್ಯಾಂಕೂ ಈ ದರದಲ್ಲಿ ಕೊಡುವುದಿಲ್ಲ, ಆದರೆ ಅಳೆಯುವ ಗೆರೆ ಇದೇ. ಇದರ ಮೇಲೆ ಎಷ್ಟು ಹೋಯಿತು ಅನ್ನುವುದೇ ನಿಜವಾದ ಚಾರ್ಜ್.

ಮೊದಲು ನನ್ನ ಫಾರೆಕ್ಸ್ ಕಾರ್ಡ್ ನೋಡೋಣ. ಸ್ವೈಪ್ ಆದ ತಕ್ಷಣ ಮೆಸೇಜ್ ಬಂತು: 51.75 ಡಾಲರ್ ಖರ್ಚು. ಆಗ ನನಗೆ ಏನೂ ಅನ್ನಿಸಲಿಲ್ಲ. ಡಾಲರಿನಲ್ಲಿ ಬರುವ ಮೆಸೇಜ್ ನೋಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಯಾಕೆಂದರೆ ರೂಪಾಯಿ ಕೊಟ್ಟು ಆಗಲೇ ಎರಡು ವಾರ ಆಗಿರುತ್ತೆ. ಆದರೆ 50 ಹೋಗಬೇಕಾದ ಕಡೆ 51.75 ಹೋಗಿದೆ. ಆ ಒಂದೂಮುಕ್ಕಾಲು ಡಾಲರ್ ಎಲ್ಲಿಂದ ಬಂತು? ನನ್ನ ಕಾರ್ಡಿನಲ್ಲಿದ್ದದ್ದು ಡಾಲರ್, ಅಂಗಡಿಯವನು ಕೇಳಿದ್ದು ಡಾಂಗ್. ಕಾರ್ಡಿನಲ್ಲಿರುವ ಕರೆನ್ಸಿ ಬಿಟ್ಟು ಬೇರೆ ಕರೆನ್ಸಿಯಲ್ಲಿ ಖರ್ಚು ಮಾಡಿದರೆ ಹೆಚ್ಚಿನ ಕಾರ್ಡುಗಳಲ್ಲಿ ಕ್ರಾಸ್ ಕರೆನ್ಸಿ ಚಾರ್ಜ್ ಬೀಳುತ್ತದೆ. ನನ್ನ ಕಾರ್ಡಿಗೆ ಅದು ಶೇ. 3.5 ಇತ್ತು.

ಇದನ್ನು ನೀವೇ ಕಂಡುಹಿಡಿಯಬಹುದು. ಸ್ಲಿಪ್ಪಿನಲ್ಲಿರುವ ಡಾಂಗನ್ನು ಕಾರ್ಡ್ ಸ್ಟೇಟ್‌ಮೆಂಟಿನಲ್ಲಿರುವ ಡಾಲರಿನಿಂದ ಭಾಗಿಸಿ. 13 ಲಕ್ಷವನ್ನು 51.75ರಿಂದ ಭಾಗಿಸಿದರೆ ಸುಮಾರು 25,120 ಬರುತ್ತದೆ. ಅಂದಿನ ದರ 26,000. ಪ್ರತಿ ಡಾಲರಿಗೂ ನನಗೆ ಸುಮಾರು 880 ಡಾಂಗ್ ಕಡಿಮೆ ಸಿಕ್ಕಿದೆ. ಸ್ಲಿಪ್ಪಿನಲ್ಲಿ ಈ ಚಾರ್ಜ್ ಇರುವುದಿಲ್ಲ. ನನ್ನ ಸ್ಟೇಟ್‌ಮೆಂಟಿನಲ್ಲೂ ಪ್ರತ್ಯೇಕ ಸಾಲಾಗಿ ಬಂದಿರಲಿಲ್ಲ, ದರದ ಒಳಗೇ ಸೇರಿತ್ತು. ಭಾಗಿಸಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಇನ್ನು ಆ ಡಾಲರ್ ನನಗೆ ಎಷ್ಟಕ್ಕೆ ಬಿತ್ತು? 87.70 ಅಂತ ನಾನು ಹೇಳಿಕೊಂಡು ತಿರುಗಿದ್ದೆ. ಅದು ಪೂರ್ತಿ ಬೆಲೆ ಅಲ್ಲ. 600 ಡಾಲರಿಗೆ 52,620 ರೂಪಾಯಿ. ಅದರ ಮೇಲೆ ಕರೆನ್ಸಿ ಬದಲಾವಣೆಯ ಜಿಎಸ್‌ಟಿ, ಒಂದು ಲಕ್ಷದ ಒಳಗಿನ ಮೊತ್ತಕ್ಕೆ ಶೇ. 0.18, ಅಂದರೆ 95 ರೂಪಾಯಿ. ಕಾರ್ಡ್ ಕೊಟ್ಟಿದ್ದಕ್ಕೆ 300 ಮತ್ತು ಅದರ ಜಿಎಸ್‌ಟಿ 54. ಎಲ್ಲ ಸೇರಿ 53,069. ಇದನ್ನು 600ರಿಂದ ಭಾಗಿಸಿದರೆ ಡಾಲರಿಗೆ 88.45. ಈಗ ಊಟಕ್ಕೆ ಬನ್ನಿ. 51.75 ಡಾಲರ್ ಗುಣಿಸು 88.45, ಒಟ್ಟು 4,577 ರೂಪಾಯಿ. 4,300ರ ಊಟಕ್ಕೆ 277 ರೂಪಾಯಿ ಮೇಲೆ ಹೋಯಿತು. ಶೇ. 6.4.

ಭಾವಮೈದುನನ ಡೆಬಿಟ್ ಕಾರ್ಡಿಗೆ ಬಂದ ಮೆಸೇಜಿನಲ್ಲಿ ಇದ್ದದ್ದು 4,315 ರೂಪಾಯಿ. ಇದು ಕಾರ್ಡ್ ಕಂಪನಿಯ ದರ. ವೀಸಾ ಆಗಲಿ ಮಾಸ್ಟರ್‌ಕಾರ್ಡ್ ಆಗಲಿ, ಇವರ ದರ ಪೇಟೆ ದರದ ಹತ್ತಿರವೇ ಇರುತ್ತದೆ. ಆದರೆ ಅದು ಅಲ್ಲಿಗೇ ಮುಗಿಯಲಿಲ್ಲ. ಮೂರು-ನಾಲ್ಕು ದಿನ ಬಿಟ್ಟು ಅವನ ಖಾತೆಯಿಂದ ಇನ್ನೂ 178 ರೂಪಾಯಿ ಬೇರೆ ಸಾಲಿನಲ್ಲಿ ಕಟ್ ಆಗಿತ್ತು. ಹೊರದೇಶದ ಖರ್ಚಿಗೆ ಬ್ಯಾಂಕಿನವರು ಹಾಕುವ ಮಾರ್ಕಪ್ ಶೇ. 3.5, ಅಂದರೆ 151 ರೂಪಾಯಿ. ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ, 27 ರೂಪಾಯಿ. ಕೆಲವು ಬ್ಯಾಂಕಿನವರು ಇದನ್ನು ಮೊದಲ ಮೊತ್ತದಲ್ಲೇ ಸೇರಿಸುತ್ತಾರೆ, ಕೆಲವರು ಹೀಗೆ ಆಮೇಲೆ ತೆಗೆಯುತ್ತಾರೆ. ಅದಕ್ಕೇ ಮೆಸೇಜ್ ನೋಡಿ ಹೋಲಿಸಬೇಡಿ, ವಾರ ಬಿಟ್ಟು ಸ್ಟೇಟ್‌ಮೆಂಟ್ ನೋಡಿ. ಅವನಿಗೆ ಒಟ್ಟು ಆದದ್ದು 4,493. ಶೇ. 4.5.

ಒಂದೇ ಊಟಕ್ಕೆ ಅವನಿಗಿಂತ ನನಗೆ 84 ರೂಪಾಯಿ ಜಾಸ್ತಿ. ಅದೂ ಅವನದು ಶೇ. 3.5 ಮಾರ್ಕಪ್ ಇರುವ ಸಾಧಾರಣ ಡೆಬಿಟ್ ಕಾರ್ಡ್. ಶೇ. 2 ಮಾರ್ಕಪ್ ಇರುವ ಕಾರ್ಡ್ ಆಗಿದ್ದರೆ 4,417ಕ್ಕೆ ಮುಗಿಯುತ್ತಿತ್ತು.

ನನಗೆ ನಷ್ಟ ಆದದ್ದು ಎಲ್ಲಿ ಅನ್ನುವುದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯೂ ಅದೇ ದಾರಿಯಲ್ಲಿದೆ. ನಾನು ನೋಡಿದ್ದು ರೂಪಾಯಿಯಿಂದ ಡಾಲರಿಗೆ ಹೋಗುವ ದರ ಮಾತ್ರ. ಡಾಲರಿನಿಂದ ಡಾಂಗಿಗೆ ಇನ್ನೊಂದು ಸಲ ಬದಲಾಗಬೇಕು, ಅಲ್ಲೂ ಒಬ್ಬರು ಪಾಲು ತೆಗೆಯುತ್ತಾರೆ ಅನ್ನುವುದು ತಲೆಗೇ ಬರಲಿಲ್ಲ. ರೂಪಾಯಿ, ಡಾಲರ್, ಡಾಂಗ್ ಹೀಗೆ ಎರಡು ಸಲ ಬದಲಾದರೆ ಎರಡು ಸಲ ಕೊಡಬೇಕು. ಡೆಬಿಟ್ ಕಾರ್ಡಿನಲ್ಲಿ ಮಾರ್ಕಪ್ ಒಂದೇ ಸಲ. ಆ ಪ್ರವಾಸದಲ್ಲಿ ನಾನು ಖರ್ಚು ಮಾಡಿದ್ದು 460 ಡಾಲರ್. ಅದರಲ್ಲಿ ಹದಿನೈದೂವರೆ ಡಾಲರ್ ಬರೀ ಕ್ರಾಸ್ ಕರೆನ್ಸಿಗೆ ಹೋಗಿದೆ, ಅಂದರೆ ಸುಮಾರು 1,375 ರೂಪಾಯಿ. ಶನಿವಾರ ಸುತ್ತಿ ಉಳಿಸಿದ್ದು 180. ಕೌಂಟರಿನಲ್ಲಿ ನಾನು ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ: "ಈ ಕಾರ್ಡಿಗೆ ಡಾಂಗ್ ಲೋಡ್ ಮಾಡಕ್ಕಾಗುತ್ತಾ?" ಆಗುವುದಿಲ್ಲ. ಮಲ್ಟಿ ಕರೆನ್ಸಿ ಅಂತ ಕೊಡುವ ಕಾರ್ಡುಗಳಲ್ಲಿ ಡಾಲರ್, ಯೂರೋ, ಪೌಂಡ್, ಸಿಂಗಾಪುರ ಡಾಲರ್, ದಿರಮ್ ಹೀಗೆ ಹಲವು ಇರುತ್ತವೆ. ಆಮೇಲೆ ನಾನು ವಿಚಾರಿಸಿದ ಒಂದು ಕಾರ್ಡಿನಲ್ಲೂ ಡಾಂಗ್ ಇರಲಿಲ್ಲ. ಕೌಂಟರಿನ ಹುಡುಗ ಸುಳ್ಳು ಹೇಳಲಿಲ್ಲ. "ಎಲ್ಲಾ ದೇಶದಲ್ಲೂ ನಡೆಯುತ್ತೆ ಸರ್" ಅಂದ. ನಡೆಯುತ್ತದೆ, ಆದರೆ ಯಾವ ದರದಲ್ಲಿ ಅಂತ ನಾನು ಕೇಳಲಿಲ್ಲ.

ಹಾಗಾಗಿ "ಯಾವ ಫಾರೆಕ್ಸ್ ಕಾರ್ಡ್" ಅನ್ನುವ ಪ್ರಶ್ನೆಯೇ ನಿಮಗೆ ಬೇಡ ಅನ್ನುತ್ತೇನೆ. ವಿಯೆಟ್ನಾಮಿಗೆ ಹೋಗುವವರು ಡಾಲರ್ ಕಾರ್ಡ್ ಹಿಂದೆ ಬೀಳಬಾರದು. ಸಿಂಗಾಪುರಕ್ಕೋ ಯೂರೋಪಿಗೋ ದುಬೈಗೋ ಆಗಿದ್ದರೆ ನಾನೇ ಫಾರೆಕ್ಸ್ ಕಾರ್ಡ್ ತಗೊಳ್ಳಿ ಅಂತಿದ್ದೆ. ಅಲ್ಲಿ ಅದೇ ಕರೆನ್ಸಿ ಲೋಡ್ ಆಗುತ್ತೆ, ಎರಡನೇ ಬದಲಾವಣೆ ಇರುವುದಿಲ್ಲ. ಲೋಡ್ ಮಾಡುವಾಗ ಪೇಟೆ ದರದ ಮೇಲೆ ಶೇ. 2ರ ಆಸುಪಾಸು ಕೊಟ್ಟರೆ ಮುಗಿಯಿತು. ಶೇ. 3.5 ಮಾರ್ಕಪ್ಪಿನ ಡೆಬಿಟ್ ಕಾರ್ಡಿಗೆ ಜಿಎಸ್‌ಟಿ ಸೇರಿ ಶೇ. 4.13 ಆಗುತ್ತದೆ. ಅಲ್ಲಿ ಫಾರೆಕ್ಸ್ ಕಾರ್ಡೇ ಗೆಲ್ಲುತ್ತೆ. ನಿಮಗೆ ಸಲಹೆ ಕೊಟ್ಟ ಬ್ಯಾಂಕಿನವರು ಆ ಲೆಕ್ಕವನ್ನೇ ವಿಯೆಟ್ನಾಮಿಗೂ ಹೇಳಿರಬೇಕು.

ಈಗ ಡೆಬಿಟ್ ಕಾರ್ಡ್ ತಗೊಂಡು ಹೋಗುವುದಾದರೆ ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಬೇಕು. ಊಟದಲ್ಲಿ ಉಳಿಸಿದ ಭಾವಮೈದುನ ಡಾ ನಾಂಗ್‌ನ ಹೋಟೆಲಿನಲ್ಲಿ ಕಳೆದುಕೊಂಡದ್ದು ಅಲ್ಲೇ. ರೂಮಿನ ಬಾಕಿ 20 ಲಕ್ಷ ಡಾಂಗ್ ಕೊಡಬೇಕಿತ್ತು. ಕಾರ್ಡ್ ಹಾಕಿದ ತಕ್ಷಣ ಮಷೀನ್ ನಮ್ಮ ದೇಶದ ಕಾರ್ಡ್ ಅಂತ ಗುರುತು ಹಿಡಿಯಿತು. ಪರದೆಯ ಮೇಲೆ ಎರಡು ಆಯ್ಕೆ ಬಂತು, ಒಂದು ಕಡೆ VND 2,000,000, ಇನ್ನೊಂದು ಕಡೆ INR 7,078. ರಿಸೆಪ್ಷನ್ ಹುಡುಗಿ ನಗುತ್ತಾ ರೂಪಾಯಿ ಕಡೆ ಬೆರಳು ತೋರಿಸಿದಳು. ಇವನೂ ನಮ್ಮ ರೂಪಾಯಿ ಅಲ್ವಾ, ಎಷ್ಟು ಅಂತ ಇಲ್ಲೇ ಗೊತ್ತಾಗುತ್ತೆ ಅಂತ ಅದನ್ನೇ ಒತ್ತಿದ.

ಆ ಸ್ಲಿಪ್ ನನ್ನ ಹತ್ತಿರ ಫೋಟೋದಲ್ಲಿದೆ. ಮಾಮೂಲಿ ಸ್ಲಿಪ್ಪಿಗಿಂತ ಉದ್ದ. ಡಾಂಗ್ ಮೊತ್ತ, ಅದರ ಕೆಳಗೆ ರೂಪಾಯಿ ಮೊತ್ತ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ದರ: 1 INR = 282.57 VND. ಕೊನೆಯಲ್ಲಿ, ನನಗೆ ಕರೆನ್ಸಿಯ ಆಯ್ಕೆ ಕೊಡಲಾಗಿತ್ತು, ನಾನೇ ಒಪ್ಪಿದ್ದೇನೆ ಅನ್ನುವ ಒಂದು ಸಾಲು. ಪೇಟೆಯಲ್ಲಿ ಅಂದು ಒಂದು ರೂಪಾಯಿಗೆ 302 ಡಾಂಗ್ ಬರುತ್ತಿತ್ತು. ಆ ಇಪ್ಪತ್ತು ಡಾಂಗ್ ವ್ಯತ್ಯಾಸ ಅಂಗಡಿಯವನ ಬ್ಯಾಂಕಿನ ಕಡೆಯವರಿಗೆ ಹೋಗುತ್ತದೆ. ಇದಕ್ಕೆ ಡಿಸಿಸಿ ಅಂತಾರೆ, ಡೈನಮಿಕ್ ಕರೆನ್ಸಿ ಕನ್ವರ್ಷನ್. ಇಲ್ಲಿ ದರ ಹಾಕುವುದು ವೀಸಾನೂ ಅಲ್ಲ, ನಿಮ್ಮ ಬ್ಯಾಂಕೂ ಅಲ್ಲ.

ರೂಪಾಯಿಯಲ್ಲೇ ಕೊಟ್ಟೆ, ಇನ್ನು ನಮ್ಮ ಬ್ಯಾಂಕಿನವರು ಮಾರ್ಕಪ್ ಹಾಕುವ ಹಾಗಿಲ್ಲ ಅಂತ ಅವನು ಅಂದುಕೊಂಡಿದ್ದ. ಅದೂ ಆಗಲಿಲ್ಲ. ಹೊರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಆದ ವ್ಯವಹಾರಕ್ಕೂ ಅವನ ಬ್ಯಾಂಕ್ ಶೇ. 1 ಮತ್ತು ಅದರ ಜಿಎಸ್‌ಟಿ ತಗೊಂಡಿತ್ತು, 84 ರೂಪಾಯಿ. ಒಟ್ಟು 7,162. ಸುಮ್ನೆ ಡಾಂಗ್ ಒತ್ತಿದ್ದರೆ ಸುಮಾರು 6,912 ಆಗುತ್ತಿತ್ತು. ಒಂದು ಗುಂಡಿ ತಪ್ಪು ಒತ್ತಿದ್ದಕ್ಕೆ 250 ರೂಪಾಯಿ.

ಮೂರನ್ನೂ ಒಂದೇ ಅಳತೆಯಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ. 10 ಲಕ್ಷ ಡಾಂಗಿಗೆ ಎಷ್ಟು ರೂಪಾಯಿ ಅಂತ ಹಾಕಿ. ಪೇಟೆ ದರದಲ್ಲಿ 3,308. ಡೆಬಿಟ್ ಕಾರ್ಡಿನಲ್ಲಿ ಡಾಂಗ್ ಒತ್ತಿದಾಗ 3,456. ನನ್ನ ಡಾಲರ್ ಫಾರೆಕ್ಸ್ ಕಾರ್ಡಿನಲ್ಲಿ 3,521. ಡೆಬಿಟ್ ಕಾರ್ಡಿನಲ್ಲಿ ರೂಪಾಯಿ ಒತ್ತಿದಾಗ 3,581. ದರ ನೀವು ಹೋಗುವ ಹೊತ್ತಿಗೆ ಬದಲಾಗಿರುತ್ತದೆ, ಚಾರ್ಜ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೆ ನಿಮ್ಮ ಕಾರ್ಡಿಗೆ ಈ ಲೆಕ್ಕವನ್ನು ಹೊರಡುವ ಮೊದಲೇ ಮನೆಯಲ್ಲಿ ಕೂತು ಹಾಕಬಹುದು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡರ ವೆಬ್‌ಸೈಟಿನಲ್ಲೂ ದರ ಲೆಕ್ಕ ಹಾಕುವ ಪುಟ ಇದೆ. ತಾರೀಕು, VND, INR ಕೊಟ್ಟು, ಬ್ಯಾಂಕ್ ಚಾರ್ಜ್ ಕೇಳುವ ಜಾಗದಲ್ಲಿ ಸೊನ್ನೆ ಹಾಕಿ. ಬರುವ ಮೊತ್ತಕ್ಕೆ ನಿಮ್ಮ ಡೆಬಿಟ್ ಕಾರ್ಡಿನ ಮಾರ್ಕಪ್ ಮತ್ತು ಆ ಮಾರ್ಕಪ್ಪಿನ ಜಿಎಸ್‌ಟಿ ಸೇರಿಸಿ. ಮಾರ್ಕಪ್ ಎಷ್ಟು ಅನ್ನುವುದು ಬ್ಯಾಂಕಿನ ಶುಲ್ಕ ಪಟ್ಟಿಯಲ್ಲಿ ಇರುತ್ತದೆ. ಶಾಖೆಯಲ್ಲಿ ಬಾಯಿಮಾತಿಗೆ ಕೇಳಬೇಡಿ, ಪಟ್ಟಿಯನ್ನೇ ನೋಡಿ. ಒಂದೇ ಬ್ಯಾಂಕಿನಲ್ಲಿ ಕಾರ್ಡಿನಿಂದ ಕಾರ್ಡಿಗೆ ಮಾರ್ಕಪ್ ಬೇರೆ ಬೇರೆ ಇರುತ್ತದೆ, ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಇವೆ. ಆಮೇಲೆ ಸ್ಲಿಪ್ ಜೊತೆ ತಾಳೆ ನೋಡುವಾಗ ಒಂದು ವಿಷಯ ನೆನಪಿರಲಿ. ದರ ಹಾಕುವುದು ನೀವು ಸ್ವೈಪ್ ಮಾಡಿದ ದಿನವೇ ಆಗಬೇಕಿಲ್ಲ, ವ್ಯವಹಾರ ಕಾರ್ಡ್ ಕಂಪನಿಗೆ ತಲುಪಿದ ದಿನದ್ದೂ ಆಗಬಹುದು. ಒಂದೆರಡು ದಿನ ಹಿಂದೆ ಮುಂದೆ ನೋಡಿದರೆ ಹೊಂದುತ್ತದೆ.

ನಗದು ಹಣದ ಲೆಕ್ಕ ಬೇರೆ. ಅಲ್ಲಿ ಬೀದಿ ಬದಿಯ ಕಾಫಿ, ಮಾರ್ಕೆಟ್ಟು, ಸಣ್ಣ ಊಟ ಎಲ್ಲ ನಗದಿನಲ್ಲೇ ನಡೆಯುತ್ತದೆ. ಎಟಿಎಂನಲ್ಲಿ ತೆಗೆದರೆ ಮಾರ್ಕಪ್ ಜೊತೆಗೆ ಪ್ರತಿ ಸಲಕ್ಕೂ ಒಂದು ನಿಗದಿ ಶುಲ್ಕ ಇರುತ್ತದೆ. ಭಾವಮೈದುನನಿಗೆ ಜಿಎಸ್‌ಟಿ ಸೇರಿ 147.50 ಬೀಳುತ್ತಿತ್ತು. ಅಲ್ಲಿಯ ಎಟಿಎಂನವರು ತಗೊಳ್ಳುವುದು ಬೇರೆ. 10 ಲಕ್ಷ ಡಾಂಗ್ ತೆಗೆದರೆ ಆ ನಿಗದಿ ಶುಲ್ಕವೇ ಶೇ. 4.5 ಆಗುತ್ತದೆ. 30 ಲಕ್ಷ ಒಟ್ಟಿಗೆ ತೆಗೆದರೆ ಶೇ. 1.5ಕ್ಕೆ ಇಳಿಯುತ್ತದೆ. ಆದ್ದರಿಂದ ದಿನಾ ಸ್ವಲ್ಪ ಸ್ವಲ್ಪ ತೆಗೆಯಬೇಡಿ. ಎಟಿಎಂ ಪರದೆಯಲ್ಲೂ ರೂಪಾಯಿಗೆ ಬದಲಿಸಿ ಕೊಡಲಾ ಅಂತ ಕೇಳುತ್ತದೆ. ಬೇಡ ಅನ್ನುವುದನ್ನೇ ಒತ್ತಿ. ಬೇಡ ಅಂದರೂ ದುಡ್ಡು ಬರುತ್ತದೆ. ಅಲ್ಲಿಯ ಕರೆನ್ಸಿ ಬದಲಿಸುವ ಕಡೆ ಡಾಲರ್ ನೋಟು, ಅದರಲ್ಲೂ ಮಡಿಕೆ ಇಲ್ಲದ 100 ಡಾಲರ್ ನೋಟಿಗೆ ಒಳ್ಳೆಯ ದರ ಕೊಡುತ್ತಾರೆ. ಸಣ್ಣಪುಟ್ಟ ಖರ್ಚಿಗೆ ಸ್ವಲ್ಪ ನೋಟು ಇಟ್ಟುಕೊಳ್ಳುವುದು ನನ್ನ ಅಭ್ಯಾಸ.

ಫಾರೆಕ್ಸ್ ಕಾರ್ಡ್ ಕಳೆದುಹೋದರೆ ಅದರಲ್ಲಿ ಇದ್ದಷ್ಟೇ ಹೋಗುತ್ತೆ, ಡೆಬಿಟ್ ಕಾರ್ಡ್ ಹೋದರೆ ಪೂರ್ತಿ ಉಳಿತಾಯ ಹೋಗುತ್ತೆ ಅಂತ ಕೌಂಟರಿನಲ್ಲಿ ಹೆದರಿಸುತ್ತಾರೆ. ಹೆದರಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ಶೇ. 6 ಕೊಡಬೇಕಿಲ್ಲ. ಇನ್ನೊಂದು ಉಳಿತಾಯ ಖಾತೆಯ ಡೆಬಿಟ್ ಕಾರ್ಡ್ ತಗೊಂಡು ಹೋಗಿ, ಅದರಲ್ಲಿ ಪ್ರವಾಸಕ್ಕೆ ಬೇಕಾದಷ್ಟೇ ಇಡಿ, ಖಾಲಿಯಾದಾಗ ಮೊಬೈಲಿನಿಂದ ಹಾಕಿ. 2020ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಹೊರದೇಶದ ಬಳಕೆ ಆಫ್ ಆಗಿಯೇ ಬರುತ್ತದೆ. ನೀವೇ ಆ್ಯಪಿನಲ್ಲಿ ಆನ್ ಮಾಡಿ ಮಿತಿ ಹಾಕಬೇಕು, ಬಂದ ಮೇಲೆ ಆಫ್ ಮಾಡಬಹುದು. ನಿಮ್ಮದು ರುಪೇ ಕಾರ್ಡ್ ಆಗಿದ್ದರೆ ಅದು ಹೊರದೇಶಕ್ಕೆ ಆಗುವ ಕಾರ್ಡೋ ಅಲ್ಲವೋ ಅಂತ ಮೊದಲೇ ನೋಡಿ. ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್ ಬ್ಯಾಗಿನ ಬೇರೆ ಕಡೆ ಇರಲಿ. ಹೋಟೆಲಿನವರು ಅಡ್ವಾನ್ಸ್ ಅಂತ ಕಾರ್ಡಿನಲ್ಲಿ ಹಣ ತಡೆಹಿಡಿಯುವುದಾದರೆ ಡೆಬಿಟ್ ಕಾರ್ಡ್ ಕೊಡಬೇಡಿ. ಅದು ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು. ನಗದು ಕೊಟ್ಟು ರಸೀದಿ ತಗೊಳ್ಳಿ.

ಹೊರದೇಶಕ್ಕೆ ಹೋಗುವ ದುಡ್ಡಿನ ಮೇಲೆ ಬ್ಯಾಂಕಿನವರು ಮುಂಗಡವಾಗಿ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್ ಉಳಿಸಲು ಈ ಕಾರ್ಡ್, ಆ ಕಾರ್ಡ್ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಫಾರೆಕ್ಸ್ ಕಾರ್ಡಿಗೆ ಹಾಕಿದ್ದೂ ಡೆಬಿಟ್ ಕಾರ್ಡಿನಲ್ಲಿ ಖರ್ಚಾದದ್ದೂ ಒಂದೇ ಲೆಕ್ಕಕ್ಕೆ ಹೋಗುತ್ತದೆ. 2025ರ ಏಪ್ರಿಲಿನಿಂದ ಅದು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟುವವರೆಗೆ ಟಿಸಿಎಸ್ ಬೀಳುವುದಿಲ್ಲ.

ನೀವು ಈಗಾಗಲೇ ಡಾಲರ್ ಲೋಡ್ ಮಾಡಿಸಿಬಿಟ್ಟಿದ್ದರೆ? ವಾಪಸ್ ಕೊಡಲು ಓಡಬೇಡಿ. ನನ್ನ ಕಾರ್ಡಿನಲ್ಲಿ 140 ಡಾಲರ್ ಉಳಿದಿತ್ತು. ಅದನ್ನು ಬ್ಯಾಂಕ್ ಕೊಂಡದ್ದು 84.30ಕ್ಕೆ. 88.45ಕ್ಕೆ ಬಿದ್ದ ಡಾಲರ್ ಅದು, ಅಲ್ಲಿ 581 ರೂಪಾಯಿ ಹೋಯಿತು. ಮಾರುವ ದರ ಬೇರೆ, ಕೊಳ್ಳುವ ದರ ಬೇರೆ. ಅಂಥ ಕಾರ್ಡಿನಲ್ಲಿರುವುದನ್ನು ಡಾಲರಿನಲ್ಲೇ ಬೆಲೆ ಹಾಕುವ ಕಡೆ ಖರ್ಚು ಮಾಡಿ. ಹೋಟೆಲ್ ಬುಕಿಂಗ್ ಸೈಟುಗಳಲ್ಲಿ ಡಾಲರ್ ಬೆಲೆ ಆರಿಸಿ ಮುಂಗಡ ಕೊಡಬಹುದು, ಆದರೆ ಕಾರ್ಡಿನಿಂದ ನಿಜಕ್ಕೂ ಡಾಲರಿನಲ್ಲೇ ಹೋಗುತ್ತದಾ ಅಂತ ಪಾವತಿ ಪುಟದಲ್ಲಿ ನೋಡಿಕೊಳ್ಳಿ. ಹಾಗೆ ಹೋದರೆ ಕ್ರಾಸ್ ಕರೆನ್ಸಿ ಬೀಳುವುದಿಲ್ಲ. ಇನ್ನೂ ಲೋಡ್ ಮಾಡಿಸಿಲ್ಲ ಅಂದರೆ ಫಾರೆಕ್ಸ್ ಕಾರ್ಡಿನ ಫಾರ್ಮ್ ತುಂಬದೆ ಹಾಗೇ ಇರಲಿ. ಮೊದಲು ಮನೆಯಲ್ಲಿರುವ ಡೆಬಿಟ್ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದರ ಮಾರ್ಕಪ್ ಎಷ್ಟು ಅಂತ ಬರೆದುಕೊಳ್ಳಿ. ಕಡಿಮೆ ಇರುವುದನ್ನು ತಗೊಂಡು ಹೋಗಿ. ಮಷೀನ್ ಕೈಗೆ ಬಂದಾಗ ಪರದೆಯ ಮೇಲೆ VND ಇದೆಯಾ ನೋಡಿ, ನೀವೇ ಒತ್ತಿ.